ಶೇಂಗಾ ಒಣಗಿಸಿ ಮತ್ತೆ ನೀರು ಹಾಕಬೇಡಿ

ಕೇಳುಗರಿಗೆಲ್ಲ ನಮಸ್ಕಾರ. ಚಳ್ಳಕೆರೆ, ಪಾವಗಡದ ಕಡೆ ಮುಂಗಾರು ಶೇಂಗಾ ಕೀಳುವ ಹೊತ್ತಿಗೆ ಸರಿಯಾಗಿ ಹಿಂಗಾರು ಮಳೆಯೂ ಬರುತ್ತದೆ. ಇವತ್ತು ಅದೇ ಹೊತ್ತಿನ ಬಗ್ಗೆ, ಅಂದರೆ ಗಿಡ ಕಿತ್ತಾಗಿನಿಂದ ಕಾಯಿ ಚೀಲ ಸೇರುವವರೆಗಿನ ಕೆಲಸದ ಬಗ್ಗೆ ಮಾತಾಡ್ತೀನಿ. ಅಫ್ಲಾಟಾಕ್ಸಿನ್ ಅನ್ನೋ ವಿಷ ಜಾಸ್ತಿಯಾಗೋದು, ಕಡಿಮೆಯಾಗೋದು ಹೆಚ್ಚಾಗಿ ಈ ಕೆಲಸದಲ್ಲೇ.

ವಿಷ ಮಾಡೋದು ಒಂದು ಬೂಷ್ಟು. ಹೆಸರು ಆಸ್ಪರ್ಜಿಲಸ್ ಫ್ಲೇವಸ್. ಕಾಳಿನ ಮೇಲೆ ಹಳದಿ ಹಸಿರು ಪುಡಿಯ ಹಾಗೆ ಕಾಣುತ್ತದೆ. ಇದು ಎಲ್ಲಿಂದಲೋ ಹಾರಿ ಬರಬೇಕಾಗಿಲ್ಲ, ನಮ್ಮ ಹೊಲದ ಮಣ್ಣಿನಲ್ಲೇ ಇದೆ. ಶೇಂಗಾ ಕಾಯಿ ಬಲಿಯೋದೂ ಅದೇ ಮಣ್ಣಿನೊಳಗೆ ಅಲ್ವಾ? ಕೊಯ್ಲಿಗೆ ಇನ್ನು ಒಂದು ತಿಂಗಳಿದೆ ಅನ್ನುವಾಗ ಮಳೆ ಕೈಕೊಟ್ಟು ಭೂಮಿ ಕಾದರೆ ಗಿಡ ಸೊರಗುತ್ತದೆ, ಬೂಷ್ಟನ್ನು ತಡೆಯುವ ಶಕ್ತಿ ಕಾಯಿಗೆ ಇರೋದಿಲ್ಲ. ಕೊಳವೆಬಾವಿ ಇದ್ದವರು ಆ ತಿಂಗಳಲ್ಲಿ ಒಂದು ನೀರು ಕೊಟ್ಟರೆ ತುಂಬಾ ಉಪಯೋಗ. ಇಲ್ಲದವರ ಕೈಯಲ್ಲಿ ಉಳಿಯೋದು ಕೊಯ್ಲಿನ ನಂತರದ ಕೆಲಸ.

ಆಗ ತಾನೇ ಕಿತ್ತ ಕಾಯಿಯಲ್ಲಿ ನೂರಕ್ಕೆ ಸುಮಾರು 40 ಭಾಗ ನೀರೇ ಇರುತ್ತದೆ. ಇದು 8 ಭಾಗಕ್ಕೆ ಇಳಿಯಬೇಕು. ಎಷ್ಟು ಬೇಗ ಇಳಿಯುತ್ತದೋ ಅಷ್ಟು ಒಳ್ಳೆಯದು. ಹಸಿ ಗಿಡವನ್ನು ಮಳೆಗೆ ಹೆದರಿ ಅವತ್ತೇ ದೊಡ್ಡ ಬಣವೆ ಒಟ್ಟಿಬಿಡ್ತಾರೆ. ಮರುದಿನ ಬಣವೆಯೊಳಗೆ ಕೈ ಹಾಕಿ ನೋಡಿ, ಬಿಸಿ ಹತ್ತುತ್ತದೆ. ಆ ಬಿಸಿ, ಆ ತೇವ, ಎರಡೂ ಬೂಷ್ಟಿಗೆ ಬೇಕಾದದ್ದೇ. ಅದರ ಬದಲು ಕಿತ್ತ ಗಿಡಗಳನ್ನು ಮಣ್ಣು ಕೊಡವಿ, ಎಲೆ ಕೆಳಗೆ, ಕಾಯಿ ಮೇಲೆ ಬರುವ ಹಾಗೆ ಮಗುಚಿ ಸಾಲಾಗಿ ಹಾಕಿ. ಕಾಯಿ ನೆಲಕ್ಕೆ ತಾಗಬಾರದು, ಗಾಳಿ ಆಡಬೇಕು. ಬಿಸಿಲಿದ್ದರೆ ಮೂರು ನಾಲ್ಕು ದಿನಕ್ಕೆ ಕಾಯಿ ಬಿಡಿಸೋ ಹದಕ್ಕೆ ಬರುತ್ತದೆ. ಆಮೇಲೆ ಟಾರ್ಪಾಲಿನ್ ಮೇಲೆ ತೆಳುವಾಗಿ ಹರಡಿ ಇನ್ನೂ ಒಣಗಿಸಿ. ಮಳೆ ಬಂದರೆ ಮುಚ್ಚಿ, ನಿಂತ ಕೂಡಲೇ ತೆಗೆಯಿರಿ. ಮುಚ್ಚಿಯೇ ಬಿಟ್ಟರೆ ಒಳಗೆ ಬೆವರುತ್ತದೆ.

ಒಣಗಿದೆ ಅಂತ ಗೊತ್ತಾಗೋದು ಹೇಗೆ? ಕಾಯಿ ಅಲ್ಲಾಡಿಸಿದರೆ ಕಾಳು ಗಲಗಲ ಅನ್ನಬೇಕು, ಕಾಳನ್ನು ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಸುಲಭವಾಗಿ ಬಿಡಬೇಕು. ಇನ್ನೂ ಖಚಿತ ಬೇಕಾದರೆ ತಕ್ಕಡಿ ಇದೆ. ಹಸಿ ಕಾಯಿ 10 ಕೆಜಿ ತೂಗಿ ಒಂದು ಬಲೆ ಚೀಲದಲ್ಲಿ ಹಾಕಿ, ಉಳಿದದ್ದರ ಜೊತೆಯಲ್ಲೇ ತೆಳುವಾಗಿ ಹರಡಿ ಒಣಗಿಸಿ. 40 ಭಾಗ ನೀರಿತ್ತು ಅಂತ ಇಟ್ಟುಕೊಂಡರೆ ಒಣ ಪದಾರ್ಥ 6 ಕೆಜಿ, ಅಲ್ಲಿಗೆ ಚೀಲ ಆರೂವರೆ ಕೆಜಿಗೆ ಬಂದಾಗ ಒಣಗಿದ ಲೆಕ್ಕ. ನೀರಿನ ಅಂಶ ಹೊಲದಿಂದ ಹೊಲಕ್ಕೆ ಬೇರೆ ಇರೋದರಿಂದ ಒಳ್ಳೆ ಬಿಸಿಲಿನಲ್ಲೂ ಎರಡು ದಿನ ತೂಕ ಇಳಿಯದೆ ನಿಲ್ಲುತ್ತಾ ಅಂತಲೂ ನೋಡಿ.

ಈಗ ನನಗೆ ತುಂಬಾ ಬೇಜಾರಾಗುವ ವಿಷಯ. ಇಷ್ಟೆಲ್ಲ ಕಷ್ಟಪಟ್ಟು ಒಣಗಿಸಿದ ಕಾಯಿಗೆ, ಸುಲಿಯೋ ಮಿಶಿನ್‌ಗೆ ಹಾಕುವ ಮುಂಚೆ ನೀರು ಚಿಮುಕಿಸ್ತಾರೆ. ಕಾಳು ಒಡೆಯೋದು ಕಡಿಮೆಯಾಗುತ್ತದೆ, ತೂಕವೂ ಸ್ವಲ್ಪ ಏರುತ್ತದೆ, ಅದಕ್ಕೆ. ಒದ್ದೆ ಕಾಳು ಹಾಗೇ ಚೀಲಕ್ಕೆ ಹೋಗಿ ಗೋದಾಮಿನಲ್ಲಿ ಕೂತರೆ ಹೊಲದಲ್ಲಿ ತಪ್ಪಿಸಿಕೊಂಡ ಬೂಷ್ಟು ಅಲ್ಲಿ ಬೆಳೆಯುತ್ತದೆ. ದಯವಿಟ್ಟು ಒಣಗಿದ್ದನ್ನೇ ಸುಲಿಸಿ, ಜರಡಿ ಸರಿಯಾದ ಅಳತೆಯದ್ದು ಹಾಕಿಸಿ, ಒಡೆದ ಕಾಳು ಬೇರೆ ಮಾಡಿ. ಸುಲಿಯೋ ಅವಸರ ಇಲ್ಲದಿದ್ದರೆ ಕಾಯಿಯಾಗಿಯೇ ಇಡಿ, ಸಿಪ್ಪೆಯೇ ಅದಕ್ಕೆ ರಕ್ಷಣೆ. ಚೀಲಗಳು ನೆಲದ ಮೇಲೆ ಬೇಡ, ಹಲಗೆ ಮೇಲೆ ಇರಲಿ, ಗೋಡೆಗೆ ಒರಗಬಾರದು. ಹುಳು ತೂತು ಮಾಡಿದ ಕಾಯಿಗೆ ಬೂಷ್ಟು ಬೇಗ ನುಗ್ಗುತ್ತದೆ, ಆಗಾಗ ನೋಡ್ತಾ ಇರಿ.

ಹುರಿದರೆ ವಿಷ ಹೋಗಲ್ವಾ ಅಂತ ಕೇಳ್ತಾರೆ. ಸ್ವಲ್ಪ ಕಡಿಮೆಯಾಗಬಹುದು, ಪೂರ್ತಿ ಹೋಗೋದಿಲ್ಲ. ಇದು ಲಿವರ್ ಕ್ಯಾನ್ಸರ್ ತರುವ ವಿಷ. ನಮ್ಮ ದೇಶದಲ್ಲಿ ಮುಂದೆ ಸಂಸ್ಕರಣೆಗೆ ಹೋಗುವ ಶೇಂಗಾಕ್ಕೆ ಇಟ್ಟಿರುವ ಮಿತಿ ಕೆಜಿಗೆ 15 ಮೈಕ್ರೋಗ್ರಾಂ, ಅಂದರೆ ಒಂದು ಟನ್ನಿಗೆ 15 ಮಿಲಿಗ್ರಾಂ. ಹಾಗಾಗಿ ಕೆಲವೇ ಕೆಟ್ಟ ಕಾಳು ಇಡೀ ಚೀಲವನ್ನು ಮಿತಿ ದಾಟಿಸಬಲ್ಲವು. ನೋಡಲು ಚೆನ್ನಾಗಿರುವ ಕಾಳಿನಲ್ಲೂ ವಿಷ ಇರಬಹುದು, ಅದು ಲ್ಯಾಬಿನಲ್ಲೇ ತಿಳಿಯಬೇಕು. ಆದರೆ ಬಣ್ಣಗೆಟ್ಟ, ಸುಕ್ಕಿದ, ಬೂಷ್ಟು ಹಿಡಿದ ಕಾಳನ್ನು ಆರಿಸಿ ತೆಗೆದರೆ ದೊಡ್ಡ ಪಾಲು ಹೊರಗೆ ಹೋಗುತ್ತದೆ.

ಆರಿಸಿ ತೆಗೆದದ್ದನ್ನು ಮಾತ್ರ ಗಾಣಕ್ಕೆ ಹಾಕಬೇಡಿ. ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತದೆ, ಹಿಂಡಿ ತಿಂದ ಹಸುವಿನ ಹಾಲಿಗೂ ರೂಪ ಬದಲಿಸಿ ಇಳಿಯುತ್ತದೆ. ಕೋಳಿಗೂ ಬೇಡ. ಗುಂಡಿ ತೋಡಿ ಹೂತುಬಿಡಿ.