ಕತ್ತಲೆಯ ಹಿನ್ನೆಲೆಯೋ, ಗಡಿಯಾರವೋ? ಫ್ರೇಮ್‌ಗಳನ್ನು ಗುಂಪು ಮಾಡಿ ನೋಡುಗರ ಲೆಕ್ಕ ಹಾಕುವ ಬಗೆ

ಎಲ್ಲರಿಗೂ ನಮಸ್ಕಾರ.

ಚಾನೆಲ್ ಒಂದರ ಹಳೆಯ ವಿಡಿಯೋಗಳನ್ನೆಲ್ಲ ಮುಂದಿಟ್ಟುಕೊಂಡು, ಯಾವ ಬಗೆಯ ದೃಶ್ಯಕ್ಕೆ ಜನ ಹೆಚ್ಚು ಬರುತ್ತಾರೆ ಎಂದು ಕಂಡುಹಿಡಿಯಬೇಕು. ಇದು ಇವತ್ತಿನ ಪ್ರಶ್ನೆ. ಫ್ರೇಮ್‌ಗಳನ್ನು ಗುಂಪು ಮಾಡುವ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಬಂದ ಗುಂಪು ನಿಜಕ್ಕೂ ಶೈಲಿಯದೋ, ವಿಷಯದ್ದೋ ಎಂದು ಬಿಡಿಸಿಕೊಳ್ಳುವುದೇ ಕಷ್ಟ. ಅದಕ್ಕೇ ಹೆಚ್ಚು ಹೊತ್ತು ಕೊಡುತ್ತೇನೆ.

ಒಂದು ಲೆಕ್ಕ ಇಟ್ಟುಕೊಳ್ಳೋಣ. ಹಳೆಯ ವಸ್ತುಗಳ ರಿಪೇರಿ ತೋರಿಸುವ ಚಾನೆಲ್, 240 ವಿಡಿಯೋ, ಒಂದೊಂದೂ ಸುಮಾರು 12 ನಿಮಿಷ. ಐದು ಸೆಕೆಂಡಿಗೊಂದು ಫ್ರೇಮ್ ತೆಗೆದರೆ ವಿಡಿಯೋಗೆ 144, ಒಟ್ಟು 34,560. ಅದಕ್ಕಿಂತ ದಟ್ಟವಾಗಿ ತೆಗೆದರೆ ಒಂದೇ ಶಾಟ್‌ನ ನಕಲುಗಳು ಹೆಚ್ಚುತ್ತವೆ, ಹೊಸ ಮಾಹಿತಿ ಹೆಚ್ಚುವುದಿಲ್ಲ.

```
ffmpeg -i v001.mp4 -vf "fps=1/5,scale=224:224" -q:v 2 v001_%05d.jpg
```

ಇಲ್ಲಿ `scale=224:224` ಎಂದು ಚಿತ್ರವನ್ನು ಚೌಕಕ್ಕೆ ಒತ್ತಿದ್ದಕ್ಕೆ ಕಾರಣವಿದೆ. ಚಿತ್ರವನ್ನು ಹೋಲಿಸಬಲ್ಲ ಸಂಖ್ಯೆಗಳಾಗಿ ಬದಲಿಸಲು ನಾವು ಬಳಸುವುದು 2021ರಲ್ಲಿ ಬಂದ ಕ್ಲಿಪ್ ಎಂಬ ಎಐ ಮಾದರಿ. ಅದರ ಮಾಮೂಲಿ ತಯಾರಿ ಹಂತ ಚಿತ್ರದ ಮಧ್ಯದ ಚೌಕವನ್ನು ಮಾತ್ರ ಉಳಿಸಿಕೊಳ್ಳುತ್ತದೆ. 16:9 ಫ್ರೇಮ್‌ನಲ್ಲಿ ಅಗಲದ ಶೇಕಡಾ 44ರಷ್ಟು ಹೀಗೆ ಕತ್ತರಿಸಿಹೋಗುತ್ತದೆ. ಮಾತನಾಡುವವರನ್ನು ಒಂದು ಬದಿಗೆ ಕೂರಿಸಿ, ಇನ್ನೊಂದು ಬದಿ ಖಾಲಿ ಬಿಡುವುದೂ ಒಂದು ಶೈಲಿಯೇ. ಕತ್ತರಿಸಿದ ಮೇಲೆ ಅದು ಮಾದರಿಗೆ ಕಾಣುವುದೇ ಇಲ್ಲ. ಒತ್ತಿದರೆ ಮನುಷ್ಯರು ಸಣಕಲಾಗುತ್ತಾರೆ, ಆದರೆ ಎಲ್ಲ ಫ್ರೇಮ್‌ಗಳೂ ಒಂದೇ ರೀತಿ ಒತ್ತಿಹೋಗುವುದರಿಂದ ಹೋಲಿಕೆ ಕೆಡುವುದಿಲ್ಲ. ಹಳೆಯ ವಿಡಿಯೋಗಳ ಎರಡೂ ಬದಿಗೆ ಕಪ್ಪು ಪಟ್ಟಿ ಇದ್ದರೆ ಮೊದಲು ಅದನ್ನು ಕತ್ತರಿಸಿ. ಇಲ್ಲದಿದ್ದರೆ ಆ ಪಟ್ಟಿಯೇ ಒಂದು ಗುಂಪಾಗಿ ಕೂರುತ್ತದೆ. ಅಚ್ಚಾದ ಸಬ್‌ಟೈಟಲ್‌ನದೂ ಇದೇ ಕಥೆ, ಏಕೆಂದರೆ ಕ್ಲಿಪ್ ಚಿತ್ರದೊಳಗಿನ ಅಕ್ಷರಗಳನ್ನೂ ಓದುತ್ತದೆ.

ಕ್ಲಿಪ್‌ನ `ViT-B/32` ಆವೃತ್ತಿ ಬಳಸಿದರೆ ಒಂದು ಫ್ರೇಮ್‌ಗೆ 512 ಸಂಖ್ಯೆಗಳ ಎಂಬೆಡಿಂಗ್ ಸಿಗುತ್ತದೆ. ನಮ್ಮ ಇಡೀ ಸಂಗ್ರಹ ಸುಮಾರು 70 ಎಂಬಿ ಅಷ್ಟೆ, ಸಾಧಾರಣ ಲ್ಯಾಪ್‌ಟಾಪ್ ಸಾಕು.

ಇದನ್ನು ನೇರವಾಗಿ, ಹತ್ತಿರದ ಎಂಬೆಡಿಂಗ್‌ಗಳನ್ನು ಒಂದು ಗುಂಪಿಗೆ ಸೇರಿಸುವ ಕೆ-ಮೀನ್ಸ್‌ಗೆ ಕೊಟ್ಟರೆ ಏನಾಗುತ್ತದೆ? ಗಡಿಯಾರಗಳು ಒಂದು ಗುಂಪು, ರೇಡಿಯೋಗಳು ಇನ್ನೊಂದು, ಕುರ್ಚಿಗಳು ಮತ್ತೊಂದು. ಕ್ಲಿಪ್ ಕಲಿತದ್ದು ಚಿತ್ರ ಮತ್ತು ಅದರ ವಿವರಣೆಯ ಜೋಡಿಗಳಿಂದ. ಹಾಗಾಗಿ ಚಿತ್ರದಲ್ಲಿ ಏನಿದೆ ಎಂಬುದರ ಮೇಲೆಯೇ ಅದರ ಕಣ್ಣು ಹೆಚ್ಚು, ಬೆಳಕು ಎಲ್ಲಿಂದ ಬಿದ್ದಿದೆ ಎಂಬುದರ ಮೇಲೆ ಕಡಿಮೆ. ಈ ಗುಂಪುಗಳಿಗೆ ವ್ಯೂಸ್ ಜೋಡಿಸಿದರೆ ನಿಮಗೆ ಸಿಗುವ ಉತ್ತರ "ಗಡಿಯಾರದ ವಿಡಿಯೋ ಓಡುತ್ತದೆ" ಎಂದಷ್ಟೇ. ಅದು ಪ್ಲೇಲಿಸ್ಟ್ ನೋಡಿದರೂ ಗೊತ್ತಾಗುತ್ತಿತ್ತು.

ಇದಕ್ಕೊಂದು ಸರಳ ಉಪಾಯವಿದೆ. ಗಡಿಯಾರ, ರೇಡಿಯೋ, ಕುರ್ಚಿ ಹೀಗೆ ಪ್ರತಿ ಸರಣಿಯ ಫ್ರೇಮ್‌ಗಳ ಸರಾಸರಿ ಎಂಬೆಡಿಂಗ್ ತೆಗೆದು, ಆ ಸರಣಿಯ ಎಲ್ಲ ಫ್ರೇಮ್‌ಗಳಿಂದ ಅದನ್ನು ಕಳೆಯುವುದು. ಗಡಿಯಾರತನ ಬಹುಪಾಲು ಕಳೆದುಹೋಗಿ, ಒಂದು ಗಡಿಯಾರದ ಫ್ರೇಮ್ ಉಳಿದ ಗಡಿಯಾರದ ಫ್ರೇಮ್‌ಗಳಿಗಿಂತ ಹೇಗೆ ಬೇರೆ ಎಂಬುದು ಉಳಿಯುತ್ತದೆ.

```python
X = emb / np.linalg.norm(emb, axis=1, keepdims=True)
for s in np.unique(series):
    m = series == s
    X[m] -= X[m].mean(axis=0)
X /= np.linalg.norm(X, axis=1, keepdims=True)
labels = KMeans(n_clusters=30, n_init=10, random_state=0).fit_predict(X)
```

ಮಿತಿಯೂ ಇದೆ. ಒಂದು ಸರಣಿಯನ್ನು ಪೂರ್ತಿ ಒಂದೇ ಶೈಲಿಯಲ್ಲಿ ಚಿತ್ರಿಸಿದ್ದರೆ, ಕಳೆಯುವಾಗ ವಿಷಯದ ಜೊತೆ ಶೈಲಿಯೂ ಹೊರಟುಹೋಗುತ್ತದೆ. ಅಂಥ ಸರಣಿಯಲ್ಲಿ ಎರಡನ್ನೂ ಬಿಡಿಸಲು ಯಾವ ಗಣಿತಕ್ಕೂ ಆಗದು. ದತ್ತಾಂಶದಲ್ಲೇ ಆ ವ್ಯತ್ಯಾಸ ಇಲ್ಲ.

ಗುಂಪುಗಳು ಬಂದ ಮೇಲೆ ಕಣ್ಣಿಂದ ನೋಡಲೇಬೇಕು. ಕೇಂದ್ರಕ್ಕೆ ಹತ್ತಿರದ ಫ್ರೇಮ್‌ಗಳನ್ನು ಮಾತ್ರ ನೋಡಿ ಹೆಸರಿಟ್ಟರೆ ಮೋಸ ಹೋಗುತ್ತೀರಿ, ಅವು ಯಾವಾಗಲೂ ಅಚ್ಚುಕಟ್ಟಾಗಿಯೇ ಕಾಣುತ್ತವೆ. ಗುಂಪಿನೊಳಗಿಂದ ಯಾದೃಚ್ಛಿಕವಾಗಿ 20 ಫ್ರೇಮ್ ತೆಗೆಯಿರಿ. ಅವಕ್ಕೂ ಅದೇ ಹೆಸರು ಒಪ್ಪಿದರೆ ಅದು ಶೈಲಿ. ಲೋಗೋ, ಕೊನೆಯ ಕಾರ್ಡ್, ಕಪ್ಪು ಫ್ರೇಮ್‌ಗಳ ಗುಂಪುಗಳನ್ನು ತೆಗೆದುಹಾಕಿ. ಒಂದೆರಡೇ ವಿಡಿಯೋದಿಂದ ತುಂಬಿದ ಗುಂಪನ್ನೂ ಬಿಡಿ.

ಈಗ ನೋಡುಗರ ಲೆಕ್ಕ. ಒಟ್ಟು ವ್ಯೂಸ್ ಬೇಡ, ಹಳೆಯ ವಿಡಿಯೋಗೆ ಕೂಡಿಕೊಳ್ಳಲು ಹೆಚ್ಚು ಕಾಲ ಸಿಕ್ಕಿರುತ್ತದೆ. ಮೊದಲ 28 ದಿನದ ವ್ಯೂಸ್ ತೆಗೆದುಕೊಂಡು, ಅದನ್ನು ಹಿಂದಿನ 10 ಮತ್ತು ಮುಂದಿನ 10 ವಿಡಿಯೋಗಳ ಮಧ್ಯಾಂಕದಿಂದ ಭಾಗಿಸಿ. ಚಾನೆಲ್ ಬೆಳೆದದ್ದರ ಪ್ರಭಾವ ಇದರಿಂದ ಬಹುಮಟ್ಟಿಗೆ ಹೋಗುತ್ತದೆ. ಇನ್ನೊಂದು ಮಾತು, ಲೆಕ್ಕ ವಿಡಿಯೋಗೆ ಒಂದು, ಫ್ರೇಮ್‌ಗೆ ಒಂದಲ್ಲ. ನಮ್ಮಲ್ಲಿರುವುದು 240 ಸಾಕ್ಷಿ, 34,560 ಅಲ್ಲ. ಫ್ರೇಮ್‌ಗಳನ್ನೇ ಎಣಿಸಿದರೆ ಒಂದು ವೈರಲ್ ವಿಡಿಯೋ 144 ಸಲ ಮತ ಹಾಕಿದಂತಾಗುತ್ತದೆ.

ನಮ್ಮ ಉದಾಹರಣೆಯಲ್ಲಿ ಒಂದು ಗುಂಪು ಹೀಗಿದೆ ಎನ್ನಿ: ಕಪ್ಪು ಹಿನ್ನೆಲೆ, ಬದಿಯಿಂದ ಒಂದೇ ದೀಪ, ಕೈಗಳ ಕ್ಲೋಸಪ್. ಫ್ರೇಮ್‌ಗಳಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಈ ಬಗೆಯದಾಗಿರುವ ವಿಡಿಯೋ 31. ಅವುಗಳ ಅನುಪಾತದ ಮಧ್ಯಾಂಕ 1.40, ಉಳಿದವುಗಳದ್ದು 0.97. ಕತ್ತಲೆಯ ಹಿನ್ನೆಲೆ ಗೆದ್ದಂತೆ ಕಾಣುತ್ತದೆ. ಆದರೆ ಆ 31ರಲ್ಲಿ 26 ಗಡಿಯಾರದವು. ಗಡಿಯಾರ ಸರಣಿಯಲ್ಲಿ ಬೆಳಕು ಚೆಲ್ಲಿ ತೆಗೆದ ವಿಡಿಯೋ ಇನ್ನೂ 14 ಇವೆ. ಕತ್ತಲೆಯ 26ಕ್ಕೆ 1.41, ಬೆಳಕಿನ 14ಕ್ಕೆ 1.36. ಗಡಿಯಾರವಲ್ಲದ ಐದು ಕತ್ತಲೆಯ ವಿಡಿಯೋಗಳು 1.02ರಲ್ಲಿ ನಿಂತಿವೆ. ಅಂದರೆ ಜನರನ್ನು ತಂದದ್ದು ಗಡಿಯಾರ, ದೀಪವಲ್ಲ.

ಎಂಬೆಡಿಂಗ್‌ನಿಂದ ವಿಷಯ ಕಳೆದಿದ್ದೇವಲ್ಲ, ಮತ್ತೆ ಹೇಗೆ ನುಸುಳಿತು? ಕಳೆದದ್ದು ಗುಂಪು ಮಾಡುವಾಗ ಮಾತ್ರ. ಕ್ಯಾಮೆರಾ ಹಿಡಿದವರು ಕತ್ತಲೆಯ ಶೈಲಿಯನ್ನು ಗಡಿಯಾರಕ್ಕೇ ಹೆಚ್ಚಾಗಿ ಬಳಸಿದ್ದರೆ, ವ್ಯೂಸ್‌ನ ಹೋಲಿಕೆಯನ್ನೂ ಸರಣಿಯೊಳಗೇ ಮಾಡಬೇಕು. 1.41 ಮತ್ತು 1.36ರ ನಡುವಿನ ಅಂತರಕ್ಕೆ ಬೆಲೆ ಇದೆಯೇ ಎಂದು ತಿಳಿಯಲು, ಸರಣಿಯೊಳಗೆ ಅನುಪಾತಗಳನ್ನು ಸಾವಿರ ಸಲ ಕಲಸಿ, ಅಷ್ಟು ಅಂತರ ತಾನಾಗಿಯೇ ಎಷ್ಟು ಸಲ ಬರುತ್ತದೆ ಎಂದು ಎಣಿಸಿ. ಮೂವತ್ತು ಗುಂಪು ಪರೀಕ್ಷಿಸುತ್ತಿದ್ದೀರಿ ಎಂಬುದೂ ನೆನಪಿರಲಿ. ಶೇಕಡಾ 5ರ ಗೆರೆ ಇಟ್ಟರೆ, ಏನೂ ಇಲ್ಲದಿದ್ದರೂ ಒಂದೆರಡು ಗುಂಪು ಗೆದ್ದಂತೆ ಕಾಣುತ್ತವೆ.

ಇದಕ್ಕಿಂತ ಮೂಲಭೂತವಾದ ತೊಡಕೊಂದಿದೆ. ಒಳಗಿನ ಫ್ರೇಮ್‌ಗಳನ್ನು ಜನ ಕ್ಲಿಕ್ ಮಾಡುವ ಮೊದಲು ನೋಡಿರುವುದಿಲ್ಲ. ಅವರು ಕಂಡದ್ದು ಥಂಬ್‌ನೇಲ್ ಮತ್ತು ಶೀರ್ಷಿಕೆ. ಆದ್ದರಿಂದ ಕ್ಲಿಕ್‌ಗೆ ಥಂಬ್‌ನೇಲ್‌ಗಳನ್ನು ಪ್ರತ್ಯೇಕವಾಗಿ ಗುಂಪು ಮಾಡಿ, ಫ್ರೇಮ್‌ಗಳನ್ನು ಜನ ಎಷ್ಟು ಹೊತ್ತು ಉಳಿದರು ಎಂಬುದಕ್ಕೆ ಹೋಲಿಸಿ. ಯೂಟ್ಯೂಬ್ ಅನಲಿಟಿಕ್ಸ್ ಎಪಿಐಯಲ್ಲಿ `elapsedVideoTimeRatio` ಜೊತೆ `audienceWatchRatio` ಕೇಳಿದರೆ, ಯಾವ ಹೊತ್ತಿನಲ್ಲಿ ನೋಡುಗರಲ್ಲಿ ಎಷ್ಟು ಪಾಲು ಇದ್ದರು ಎಂದು ಹೇಳುವ 100 ಬಿಂದುಗಳು ಒಂದು ವಿಡಿಯೋಗೆ ಸಿಗುತ್ತವೆ. 12 ನಿಮಿಷದ ವಿಡಿಯೋದಲ್ಲಿ ಒಂದು ಬಿಂದು 7.2 ಸೆಕೆಂಡ್, ನಮ್ಮ ಒಂದೋ ಎರಡೋ ಫ್ರೇಮ್. ಎಲ್ಲ ವಿಡಿಯೋದಲ್ಲೂ ಆರಂಭದ ಇಳಿತ ಕಡಿದಾಗಿರುತ್ತದೆ. ಆದ್ದರಿಂದ ಪ್ರತಿ ಬಿಂದುವಿನ ಇಳಿತವನ್ನು ಉಳಿದ ವಿಡಿಯೋಗಳ ಅದೇ ಬಿಂದುವಿನ ಇಳಿತದ ಜೊತೆಗೇ ಇಟ್ಟು ನೋಡಿ.

ಏರಿಕೆ ಕಂಡರೆ ಹಿಗ್ಗುವ ಮೊದಲು ಆ ತುಣುಕನ್ನು ಹಾಕಿ ನೋಡಿ. ಹಿಂದಕ್ಕೆ ಸರಿಸಿ ಮತ್ತೆ ನೋಡಿದ್ದೂ ಈ ಲೆಕ್ಕಕ್ಕೆ ಸೇರುವುದರಿಂದ `audienceWatchRatio` 1 ದಾಟಬಹುದು. ಕತ್ತಲೆಯ ಕ್ಲೋಸಪ್‌ನಲ್ಲಿ ಗೆರೆ ಏರಿದರೆ, ದೃಶ್ಯ ಚೆನ್ನಾಗಿತ್ತೆಂದು ಜನ ಮತ್ತೆ ನೋಡಿರಬಹುದು. ಅಥವಾ ಸ್ಪ್ರಿಂಗ್ ಯಾವ ಕೊಂಡಿಗೆ ಸಿಕ್ಕಿಸಿದರು ಎಂದು ಕತ್ತಲಲ್ಲಿ ಕಾಣದೆ ಮತ್ತೆ ಹಿಂದಕ್ಕೆ ಹೋಗಿರಬಹುದು. ಏರಿಕೆಯಾದ ಕೂಡಲೇ ಇಳಿತ ಕಡಿದಾಗಿದ್ದರೆ ಎರಡನೆಯದನ್ನೇ ಮೊದಲು ಶಂಕಿಸಿ.

ಹಳೆಯ ಸಂಗ್ರಹ ಇಲ್ಲಿಯವರೆಗೆ ತಂದು ಬಿಡುತ್ತದೆ. ಮುಂದಿನದು ಮುಂದಿನ ಗಡಿಯಾರದ ವಿಡಿಯೋಗಳಲ್ಲಿ: ಬಿಚ್ಚುವ ಭಾಗವನ್ನು ಕತ್ತಲೆಯಲ್ಲಿ ತೆಗೆಯಬೇಕೋ ಬೆಳಕಲ್ಲೋ ಎಂದು ಪ್ರತಿ ಸಲ ನಾಣ್ಯ ಚಿಮ್ಮಿ ತೀರ್ಮಾನಿಸಿ, ಥಂಬ್‌ನೇಲ್‌ನ ಬಗೆ ಬದಲಿಸದೆ, ಆ ಭಾಗದ ಇಳಿತವನ್ನಷ್ಟೇ ಹೋಲಿಸಿ.