ಟ್ಯಾಪ್ ಮಾಡುವಾಗ ಕೀಲಿ ಎಲ್ಲಿರುತ್ತದೆ? ಚಿಪ್‌ನಲ್ಲೋ, ಆ್ಯಪ್‌ನಲ್ಲೋ?

[ದೃಶ್ಯ: ಮೇಜಿನ ಮೇಲೆ ಎರಡು ಫೋನ್, ಎರಡರಲ್ಲೂ ಇಂಟರ್ನೆಟ್ ಆಫ್]

ನಮಸ್ಕಾರ. ಈ ಎರಡು ಫೋನ್‌ಗಳನ್ನು ಅಂಗಡಿಯ ಕಾರ್ಡ್ ಯಂತ್ರಕ್ಕೆ ಹತ್ತಿರ ಹಿಡಿದು, ಅಂದರೆ ಟ್ಯಾಪ್ ಮಾಡಿ, ಪದೇ ಪದೇ ಹಣ ಕೊಡುತ್ತಾ ಹೋದರೆ, ಒಂದು ಕೆಲಸ ಮಾಡುತ್ತಲೇ ಇರುತ್ತದೆ. ಇನ್ನೊಂದು ಕೆಲವು ಸಲ ಆದಮೇಲೆ ನಿಂತುಬಿಡಬಹುದು. ಯಾಕೆ ಅಂತ ನೋಡೋಣ.

ಎರಡರಲ್ಲೂ ಸಾಮಾನ್ಯವಾಗಿ ನಿಮ್ಮ ನಿಜವಾದ ಕಾರ್ಡ್ ನಂಬರ್ ಇರುವುದಿಲ್ಲ. ಅದರ ಬದಲಿಗೆ ಟೋಕನ್ ಎನ್ನುವ ಬೇರೆ ನಂಬರ್ ಇರುತ್ತದೆ. ಟೋಕನ್ ಒಂದೇ ಸಾಲದು. ಪ್ರತಿ ಟ್ಯಾಪ್‌ಗೂ ಫೋನ್ ಒಂದು ಹೊಸ ಗುಪ್ತ ಸಂಕೇತ ಲೆಕ್ಕ ಹಾಕಿ ಕೊಡಬೇಕು. ಅದಕ್ಕೆ ಕೀಲಿ, ಅಂದರೆ ಒಂದು ರಹಸ್ಯ ಸಂಖ್ಯೆ, ಬೇಕು. ವ್ಯತ್ಯಾಸ ಇರುವುದು ಆ ಕೀಲಿಯಲ್ಲೇ.

[ದೃಶ್ಯ: ಮೊದಲ ಫೋನ್, ಒಳಗೆ ಚಿಕ್ಕ ಚಿಪ್]

ಇದರಲ್ಲಿ ಸೆಕ್ಯೂರ್ ಎಲಿಮೆಂಟ್ ಎನ್ನುವ ಪ್ರತ್ಯೇಕ ಚಿಪ್ ಇದೆ. ಆ್ಯಪಲ್ ಪೇ ಬಳಸುವುದು ಇದನ್ನೇ. ಕೀಲಿ ಚಿಪ್‌ನ ಒಳಗೇ ಇರುತ್ತದೆ, ಲೆಕ್ಕವೂ ಅಲ್ಲೇ ನಡೆಯುತ್ತದೆ. ಹೊರಗೆ ಬರುವುದು ಉತ್ತರ ಮಾತ್ರ. ಆಪರೇಟಿಂಗ್ ಸಿಸ್ಟಂ ಕೇಳಿದರೂ ಕೀಲಿ ಸಿಗುವುದಿಲ್ಲ. ಹಾಗಾಗಿ ಅದನ್ನು ತುಂಬಾ ದಿನ ಅಲ್ಲೇ ಬಿಡಬಹುದು.

[ದೃಶ್ಯ: ಎರಡನೇ ಫೋನ್]

ಇದರಲ್ಲಿ ಹೋಸ್ಟ್ ಕಾರ್ಡ್ ಎಮ್ಯುಲೇಶನ್ ಇದೆ, ಚಿಕ್ಕದಾಗಿ ಎಚ್‌ಸಿಇ. ಆಂಡ್ರಾಯ್ಡ್‌ಗೆ ಇದು ಬಂದದ್ದು 2013ರಲ್ಲಿ, 4.4ನೇ ಆವೃತ್ತಿಯ ಜೊತೆ. ಅಂಗಡಿಯ ಯಂತ್ರ ಕೇಳಿದ್ದನ್ನು, ಹತ್ತಿರದಿಂದ ರೇಡಿಯೊ ಮೂಲಕ ಮಾತಾಡುವ ಎನ್‌ಎಫ್‌ಸಿ ಚಿಪ್ ನೇರವಾಗಿ ಫೋನಿನ ಪ್ರೊಸೆಸರ್‌ಗೆ ಕಳಿಸುತ್ತದೆ. ಅಲ್ಲಿ ಒಂದು ಆ್ಯಪ್ ಕಾರ್ಡ್‌ನ ಹಾಗೆ ಉತ್ತರ ಕೊಡುತ್ತದೆ. ಸೆಕ್ಯೂರ್ ಎಲಿಮೆಂಟ್ ಯಾರ ಹಿಡಿತದಲ್ಲಿದೆಯೋ ಆ ಫೋನ್ ಕಂಪನಿಯ ಅಥವಾ ಸಿಮ್ ಕಂಪನಿಯ ಅನುಮತಿಯನ್ನು ಬ್ಯಾಂಕ್ ಕೇಳಬೇಕಾಗಿಲ್ಲ. ಇದು ದೊಡ್ಡ ಅನುಕೂಲ.

ಆದರೆ ಆ್ಯಪ್‌ನ ಮೆಮೊರಿ ಚಿಪ್‌ನಷ್ಟು ಗಟ್ಟಿಯಲ್ಲ. ಫೋನ್ ರೂಟ್ ಆಗಿ, ಅಂದರೆ ಅದರ ರಕ್ಷಣೆಯ ಬೀಗ ತೆಗೆದುಹಾಕಿ, ದುಷ್ಟ ಆ್ಯಪ್ ಒಳಗೆ ಸೇರಿಕೊಂಡರೆ ಕೀಲಿ ಕದಿಯಬಹುದು. ಆದ್ದರಿಂದ ಮುಖ್ಯ ಕೀಲಿಯನ್ನು ಫೋನಿಗೆ ಕೊಡುವುದೇ ಇಲ್ಲ, ಅದು ಸರ್ವರ್‌ನಲ್ಲೇ ಇರುತ್ತದೆ. ಅದರಿಂದ ಹುಟ್ಟಿಸಿದ, ಬೇಗ ಮುಗಿಯುವ ಕೀಲಿಗಳು ಮಾತ್ರ ಫೋನಿಗೆ ಬರುತ್ತವೆ. ಕೆಲವು ಒಂದೇ ಸಲಕ್ಕೆ, ಕೆಲವು ಇಷ್ಟು ಸಲಕ್ಕೆ ಅಥವಾ ಇಷ್ಟು ದಿನಕ್ಕೆ.

ಉದಾಹರಣೆಗೆ, ಒಂದೊಂದೇ ಸಲ ಬಳಸುವ 5 ಕೀಲಿ ಬಂದಿವೆ ಅಂದುಕೊಳ್ಳಿ. ನೆಟ್ ಇಲ್ಲದೆ 5 ಸಲ ಟ್ಯಾಪ್ ಆಯಿತು. 6ನೇ ಸಲ ಕೀಲಿ ಇಲ್ಲ, ಪಾವತಿಯೂ ಇಲ್ಲ! ಖಾತೆಯಲ್ಲಿ ಹಣ ಇದ್ದರೂ ಅಷ್ಟೇ. ನೆಟ್ ಆನ್ ಮಾಡಿ ಪಾವತಿ ಆ್ಯಪ್ ತೆರೆದರೆ ಹೊಸ ಕೀಲಿಗಳು ಬಂದು ಟ್ಯಾಪ್ ಮತ್ತೆ ನಡೆದರೆ, ತೊಂದರೆ ಇಲ್ಲೇ ಇತ್ತು ಅಂತ ಗೊತ್ತಾಗುತ್ತದೆ.

ಕಳ್ಳನ ಕಡೆಯಿಂದ ನೋಡಿ. ಅವನಿಗೆ ಆ 5ರಲ್ಲಿ 2 ಕೀಲಿ ಸಿಕ್ಕವು. ನೀವು ಅಷ್ಟರಲ್ಲಿ ಅವನ್ನು ಬಳಸಿಬಿಟ್ಟಿದ್ದರೆ, ಪ್ರತಿ ಪಾವತಿಯ ಜೊತೆ ಹೋಗುವ ಎಣಿಕೆ ಸಂಖ್ಯೆ ಮತ್ತೆ ಅದೇ ಬಂದದ್ದು ಬ್ಯಾಂಕ್ ಕಡೆಯವರಿಗೆ ಕಾಣುತ್ತದೆ. ಅವರು ತಿರಸ್ಕರಿಸಬಹುದು. ಬಳಸಿಲ್ಲದಿದ್ದರೆ ನಷ್ಟ ಆಗಬಹುದು, ಆದರೆ ಆ 2 ಪಾವತಿಗಳಷ್ಟೇ.

[ದೃಶ್ಯ: ಎರಡೂ ಫೋನ್‌ಗಳ ಬ್ಯಾಟರಿ ಖಾಲಿ]

ಇನ್ನೊಂದು ವ್ಯತ್ಯಾಸ ಇಲ್ಲಿದೆ. ಬ್ಯಾಟರಿ ಮುಗಿದು ಪ್ರೊಸೆಸರ್ ನಿಂತರೆ ಎಚ್‌ಸಿಇ ಆ್ಯಪ್ ಉತ್ತರ ಕೊಡಲಾರದು. ಸೆಕ್ಯೂರ್ ಎಲಿಮೆಂಟ್ ಚಿಪ್‌ಗೆ ಸ್ವಲ್ಪವೇ ವಿದ್ಯುತ್ ಸಾಕು. ಅದಕ್ಕೇ ಕೆಲವು ಐಫೋನ್‌ಗಳು ಬ್ಯಾಟರಿ ಮುಗಿದು ಆಫ್ ಆದಮೇಲೂ, ಮೊದಲೇ ಆರಿಸಿಟ್ಟ ಪ್ರಯಾಣದ ಕಾರ್ಡ್‌ನಿಂದ ಒಂದಷ್ಟು ಹೊತ್ತು ಗೇಟ್ ತೆರೆಯುತ್ತವೆ.