ಡೋಪಮಿನ್ ಲೆಕ್ಕ: ಆರ್ಡರ್‌ನಿಂದ ಪಂಪ್‌ವರೆಗೆ

ಎಲ್ಲರಿಗೂ ನಮಸ್ಕಾರ. ಮುಳಬಾಗಿಲು, ಬಂಗಾರಪೇಟೆ, ಶ್ರೀನಿವಾಸಪುರ ಅಂತ ಎಲ್ಲೆಲ್ಲಿಂದಲೋ ಬೆಳಗ್ಗೆ ಬಸ್ ಹಿಡ್ಕೊಂಡು ಕೋಲಾರಕ್ಕೆ ಬಂದಿದೀರ, ಪೀಠಿಕೆ ಬೇಡ, ಸೀದಾ ಬೋರ್ಡಿಗೆ ಹೋಗೋಣ. ಇವತ್ತು ಒಂದೇ ಲೆಕ್ಕ, ಡೋಪಮಿನ್ ಇನ್ಫ್ಯೂಷನ್. ಇದು ಬಂದ್ರೆ ಇದೇ ಥರದ ಮಿಕ್ಕಿದ್ದೂ ಬರುತ್ತೆ.

ಡಾಕ್ಟರ್ ಆರ್ಡರ್: ಕೆಜಿಗೆ, ನಿಮಿಷಕ್ಕೆ 5 ಮೈಕ್ರೋಗ್ರಾಂ. ಪೇಷಂಟ್ ತೂಕ 48 ಕೆಜಿ. ನಮ್ಮ ಕೈಲಿರೋ ಆಂಪೂಲ್ 5 ಎಂಎಲ್, ಅದರೊಳಗೆ 200 ಮಿಲಿಗ್ರಾಂ ಇದೆ, ಅದನ್ನ ನಾರ್ಮಲ್ ಸಲೈನ್ ಹಾಕಿ ಒಟ್ಟು 50 ಎಂಎಲ್ ಮಾಡಿ ಸಿರಿಂಜ್ ಪಂಪ್‌ಗೆ ಹಾಕಿದೀವಿ. ಪಂಪ್ ಸ್ಕ್ರೀನ್ ಕೇಳೋದು mL/h. ಅಂದ್ರೆ ಆರ್ಡರ್ ಇರೋದು ಮೈಕ್ರೋಗ್ರಾಂ ಮತ್ತು ನಿಮಿಷದಲ್ಲಿ, ಪಂಪ್ ಕೇಳ್ತಿರೋದು ಎಂಎಲ್ ಮತ್ತು ಗಂಟೆಯಲ್ಲಿ, ಎಡವೋದೆಲ್ಲ ಈ ಮಧ್ಯದ ದಾರೀಲೇ.

ಅಂದಹಾಗೆ ತೂಕ 60 ಕೆಜಿ ಅಂತ ನಾನು ಬೇಕಂತಲೇ ಕೊಟ್ಟಿಲ್ಲ. 60 ಕೊಟ್ರೆ ಹುಡುಗರು ಒಂದು ಸಲ 60ರಿಂದ ಗುಣಿಸಿ, ಅದು ಕೆಜಿನೋ ನಿಮಿಷನೋ ಗೊತ್ತಾಗದೆ ಇನ್ನೊಂದನ್ನ ಬಿಟ್ಟೇ ಬಿಡ್ತಾರೆ. ಕಲಿಸೋರು ಮೊದಲ ಲೆಕ್ಕಕ್ಕೆ ಆ ನಂಬರ್ ತಗೋಬಾರದು.

ಈಗ ಬರ್ಕೊಳ್ಳಿ. ಮೊದಲು ತೂಕ: 5 × 48 = 240, ಇದು ನಿಮಿಷಕ್ಕೆ ಬೇಕಾದ ಮೈಕ್ರೋಗ್ರಾಂ. ಆಮೇಲೆ ಗಂಟೆ: 240 × 60 = 14,400 ಮೈಕ್ರೋಗ್ರಾಂ. 1000 ಮೈಕ್ರೋಗ್ರಾಂ ಸೇರಿದ್ರೆ 1 ಮಿಲಿಗ್ರಾಂ, ಹಾಗಾಗಿ 14.4 ಮಿಲಿಗ್ರಾಂ. ಇನ್ನು ಸಿರಿಂಜ್‌ನಲ್ಲಿ 200 ÷ 50, ಅಂದ್ರೆ ಒಂದು ಎಂಎಲ್‌ಗೆ 4 ಮಿಲಿಗ್ರಾಂ. ಟೊಮ್ಯಾಟೊ ಮಂಡೀಲಿ 15 ಕೆಜಿ ಬಾಕ್ಸ್ ಇರುತ್ತಲ್ಲ, ಇಷ್ಟು ಕೆಜಿ ಬೇಕು ಅಂದ್ರೆ ಎಷ್ಟು ಬಾಕ್ಸ್ ಅಂತ ಭಾಗಿಸ್ತೀವಲ್ಲ, ಅದೇ ಇದು. 14.4 ÷ 4 = 3.6. ಪಂಪ್‌ಗೆ 3.6 mL/h.

ಪ್ರತಿ ಹೆಜ್ಜೇಲೂ ನಂಬರ್ ಪಕ್ಕ ಯೂನಿಟ್ ಬರೀಲೇಬೇಕು. ಬರೀ 240 ಅಂತ ಬರೆದು ಬಿಟ್ರೆ ಎರಡು ಸಾಲು ಕೆಳಗೆ ಹೋಗೋಷ್ಟರಲ್ಲಿ ಅದು ಏನು ಅನ್ನೋದೇ ಮರೆತುಹೋಗಿರುತ್ತೆ.

ಉತ್ತರ ಬಂದ್ಮೇಲೆ ಹಿಂದಕ್ಕೆ ನಡೀರಿ. 3.6 × 4 = 14.4 ಮಿಲಿಗ್ರಾಂ, ಅಂದ್ರೆ 14,400 ಮೈಕ್ರೋಗ್ರಾಂ, ಅದನ್ನ 60ರಿಂದ ಭಾಗಿಸಿದ್ರೆ 240, 48ರಿಂದ ಭಾಗಿಸಿದ್ರೆ 5. ಆರ್ಡರ್‌ಗೇ ಬಂದು ನಿಂತ್ವಿ. ಇದರ ಜೊತೆ ಆಂಪೂಲ್ ಲೆಕ್ಕದಲ್ಲೂ ಒಂದ್ಸಲ ಯೋಚಿಸಿ: ಯಾರಾದ್ರೂ 1000ದಿಂದ ಭಾಗಿಸೋದನ್ನ ಮರೆತು 14,400 ಮಿಲಿಗ್ರಾಂ ಅಂತ ಬರೆದ್ರೆ ಗಂಟೆಗೆ 72 ಆಂಪೂಲ್ ಒಡೀಬೇಕಾಗುತ್ತೆ, ಅಲ್ಲೇ ಗೊತ್ತಾಗುತ್ತೆ ಏನೋ ಎಡವಟ್ಟಾಗಿದೆ ಅಂತ. ನಿಮಿಷವನ್ನ ಗಂಟೆ ಮಾಡೋದು ಮರೆತ್ರೆ 0.06 ಬರುತ್ತೆ, ಆ ಸ್ಪೀಡಲ್ಲಿ 50 ಎಂಎಲ್ ಸಿರಿಂಜ್ ಒಂದು ತಿಂಗಳಾದ್ರೂ ಮುಗಿಯಲ್ಲ.

ಆದ್ರೆ ಎಲ್ಲಾ ತಪ್ಪೂ ಹೀಗೆ ಎದ್ದು ಕಾಣಲ್ಲ. 5 ಎಂಎಲ್ ಔಷಧಿಗೆ 45 ಎಂಎಲ್ ಸಲೈನ್ ಹಾಕೋ ಬದಲು 50 ಹಾಕಿದ್ರೆ ಒಟ್ಟು 55 ಆಗುತ್ತೆ, ಪಂಪ್ 3.6 ಅಂತಲೇ ತೋರಿಸ್ತಿರುತ್ತೆ, ಪೇಷಂಟ್‌ಗೆ ಹೋಗ್ತಿರೋದು ಮಾತ್ರ 5ರ ಬದಲು ಸುಮಾರು 4.5 ಮೈಕ್ರೋಗ್ರಾಂ. 500 ಎಂಎಲ್ ಬಾಟಲ್ ಆದ್ರೆ 5 ಎಂಎಲ್ ಹೆಚ್ಚಾದ್ರೂ ವ್ಯತ್ಯಾಸ ಶೇಕಡ 1ರಷ್ಟೇ, ಅದಕ್ಕೆ ತಲೆ ಕೆಡಿಸ್ಕೋಬೇಡಿ.

ಬಾಟಲ್ ಮಾತು ಬಂತಲ್ಲ, ಪಂಪ್ ಖಾಲಿ ಇಲ್ಲದ ದಿನ ಅದೇ 200 ಮಿಲಿಗ್ರಾಂ 500 ಎಂಎಲ್‌ಗೆ ಹೋಗುತ್ತೆ. ಆಗ ಎಂಎಲ್‌ಗೆ 0.4 ಮಿಲಿಗ್ರಾಂ, ಗಂಟೆಗೆ 36 ಎಂಎಲ್ ಬೇಕು. ಮೈಕ್ರೋ ಡ್ರಿಪ್ ಸೆಟ್‌ನಲ್ಲಿ ಒಂದು ಎಂಎಲ್‌ಗೆ 60 ಹನಿ, ಹಾಗಾಗಿ ನಿಮಿಷಕ್ಕೆ 36 ಹನಿ, ಆ ಸೆಟ್‌ನಲ್ಲಿ ಎರಡೂ ನಂಬರ್ ಒಂದೇ. ಮ್ಯಾಕ್ರೋ ಸೆಟ್‌ನಲ್ಲಿ ಎಂಎಲ್‌ಗೆ 20 ಹನಿ ಅಂತ ಕವರ್ ಮೇಲಿದ್ರೆ 36 × 20 ÷ 60, ಅಂದ್ರೆ 12 ಹನಿ. ಮೈಕ್ರೋ ಲೆಕ್ಕ ಮಾಡಿ ಮ್ಯಾಕ್ರೋ ಸೆಟ್ ಹಾಕಿ 36 ಹನಿ ಬಿಟ್ರೆ ಗಂಟೆಗೆ 108 ಎಂಎಲ್, 5ರ ಜಾಗದಲ್ಲಿ 15 ಮೈಕ್ರೋಗ್ರಾಂ ಹೋಗುತ್ತೆ, ಹಾರ್ಟ್ ರೇಟು ಬಿಪಿ ಎರಡೂ ಏರೋಕೆ ಶುರು ಆಗುತ್ತೆ. ಲೆಕ್ಕ ಸರಿ, ಸೆಟ್ ತಪ್ಪು. ಅದಕ್ಕೇ ಸೆಟ್ ಕವರ್ ಎಸೆಯೋ ಮುಂಚೆ ಡ್ರಾಪ್ ಫ್ಯಾಕ್ಟರ್ ಓದಿ, ಹನೀನ ಪೂರ್ತಿ ಒಂದು ನಿಮಿಷ ಎಣಿಸಿ.

ಸರಿ, ಪೆನ್ ತಗೊಳ್ಳಿ. ಅದೇ ಪೇಷಂಟ್, ಅದೇ ಆರ್ಡರ್, ಆದ್ರೆ ನೈಟ್ ಡ್ಯೂಟಿಯವರು ಎರಡು ಆಂಪೂಲ್ ಹಾಕಿ 50 ಎಂಎಲ್ ಮಾಡಿಟ್ಟಿದಾರೆ, ಪಂಪ್ ಹಳೇ 3.6ರಲ್ಲೇ ಓಡ್ತಿದೆ. ಈಗ ಎಷ್ಟು ಹೋಗ್ತಿದೆ, ಪಂಪ್ ಎಷ್ಟಕ್ಕೆ ಇರಬೇಕಿತ್ತು? 10 ಮೈಕ್ರೋಗ್ರಾಂ ಮತ್ತು 1.8 ಅಂತ ಬಂದೋರು ಕೈ ಎತ್ತಿ, ಬರದೇ ಇರೋರು ಎಂಎಲ್‌ಗೆ ಎಷ್ಟು ಮಿಲಿಗ್ರಾಂ ಅನ್ನೋ ಸಾಲು ಮತ್ತೆ ನೋಡಿ.